ಕೀಲಿ ಕೈಗೆ ಬರುವ ಮೊದಲು ಹೋಗಬೇಕಾದ ಪತ್ರ

ಅಪಾರ್ಟ್‌ಮೆಂಟಿನಲ್ಲಿ ಮನೆ ಕೊಂಡವರಿಗೆ ಹಸ್ತಾಂತರಕ್ಕೆ ಮುಂಚೆ ಒಂದು ದಿನ ಮನೆ ನೋಡಲು ಬಿಲ್ಡರ್ ಕಡೆಯಿಂದ ಕರೆ ಬರುತ್ತದೆ. ಆ ದಿನ ಅರೆಬರೆ ಉಳಿದ ಕೆಲಸ, ಕೆಟ್ಟ ಕೆಲಸ, ಒಪ್ಪಂದದಲ್ಲಿ ಹೇಳಿದ್ದಕ್ಕೆ ಹೊಂದದ ಸಾಮಾನು ಇವನ್ನೆಲ್ಲ ಹುಡುಕಿ ಗುರುತು ಮಾಡುವುದಕ್ಕೆ ಕಟ್ಟಡ ಕಸುಬಿನವರು ಸ್ನ್ಯಾಗ್ ತಪಾಸಣೆ ಎನ್ನುತ್ತಾರೆ. ಸಾಮಾನ್ಯವಾಗಿ ಸೈಟ್ ಎಂಜಿನಿಯರ್ ಕೈಯಲ್ಲಿ ಒಂದು ಅಚ್ಚು ಹಾಕಿದ ಫಾರಂ ಇರುತ್ತದೆ. ಕೊಂಡವರು ತೋರಿಸಿದ್ದನ್ನು ಅವರು ಅದರಲ್ಲಿ ಬರೆದುಕೊಳ್ಳುತ್ತಾರೆ, ಗೋಡೆಯ ಮೇಲೆ ಬಣ್ಣದ ಚೀಟಿ ಅಂಟಿಸುತ್ತಾರೆ, "ಎರಡು ವಾರದಲ್ಲಿ ಎಲ್ಲ ಸರಿಮಾಡಿಸುತ್ತೇವೆ" ಎಂದು ಹೇಳಿ ಕಳಿಸುತ್ತಾರೆ. ಆ ಫಾರಂ ಉಳಿಯುವುದು ಬಿಲ್ಡರ್ ಕಚೇರಿಯಲ್ಲಿ. ಎಂಜಿನಿಯರ್ ಮುಂದಿನ ತಿಂಗಳು ಬೇರೆ ಸೈಟಿಗೆ ಹೋಗಬಹುದು, ಚೀಟಿ ಬಣ್ಣದವನ ಕೈಗೆ ಸಿಕ್ಕಿ ಕಿತ್ತುಹೋಗಬಹುದು. ಅದೇ ದಿನ ಸಂಜೆ ಕೊಂಡವರೇ ಫೋಟೋ ಸಮೇತ ಬರೆದು ಕಳಿಸುವ ಇಮೇಲ್ ಮಾತ್ರ ಎರಡೂ ಕಡೆಯಲ್ಲಿ ಒಂದೇ ರೂಪದಲ್ಲಿ, ಒಂದೇ ದಿನಾಂಕದೊಂದಿಗೆ ಉಳಿಯುತ್ತದೆ.

ಈ ಪತ್ರಕ್ಕೆ ಕಾನೂನಿನ ಆಸರೆಯೂ ಇದೆ. 2016ರ ರಿಯಲ್ ಎಸ್ಟೇಟ್ ನಿಯಂತ್ರಣ ಮತ್ತು ಅಭಿವೃದ್ಧಿ ಕಾಯ್ದೆ, ಎಂದರೆ ಜನ ರೇರಾ ಎಂದು ಕರೆಯುವ ಕಾಯ್ದೆ, ತನ್ನ 14ನೇ ಕಲಮಿನ 3ನೇ ಉಪಕಲಮಿನಲ್ಲಿ ಹೀಗೆ ಹೇಳುತ್ತದೆ: ಮನೆ ಹಸ್ತಾಂತರವಾದ ದಿನದಿಂದ 5 ವರ್ಷದೊಳಗೆ ಕಟ್ಟಡದ ರಚನೆಯಲ್ಲಾಗಲಿ, ಕೆಲಸಗಾರಿಕೆಯಲ್ಲಾಗಲಿ, ಗುಣಮಟ್ಟದಲ್ಲಾಗಲಿ, ಒದಗಿಸಬೇಕಾದ ಸೇವೆಯಲ್ಲಾಗಲಿ ದೋಷವಿದೆ ಎಂದು ಕೊಂಡವರು ಬಿಲ್ಡರ್ ಗಮನಕ್ಕೆ ತಂದರೆ, ಹೆಚ್ಚಿನ ಹಣ ಕೇಳದೆ 30 ದಿನದೊಳಗೆ ಸರಿಪಡಿಸುವುದು ಬಿಲ್ಡರ್‌ನ ಕರ್ತವ್ಯ. ಸರಿಪಡಿಸದಿದ್ದರೆ ಪರಿಹಾರ ಪಡೆಯುವ ಹಕ್ಕು ಕೊಂಡವರಿಗಿದೆ. ಇಲ್ಲಿ ಎಲ್ಲವೂ ನಿಂತಿರುವುದು "ಗಮನಕ್ಕೆ ತಂದರೆ" ಎಂಬ ಮಾತಿನ ಮೇಲೆ. ಗಮನಕ್ಕೆ ತಂದದ್ದು ಯಾವಾಗ, ಯಾವ ದೋಷವನ್ನು, ಯಾರ ಗಮನಕ್ಕೆ ಎಂಬ ಮೂರು ಪ್ರಶ್ನೆಗೂ ಉತ್ತರ ಆ ಇಮೇಲಿನಲ್ಲಿ ಇರಬೇಕು.

ದೋಷವನ್ನು ಬರೆಯುವ ಬಗೆಯಲ್ಲೇ ಅರ್ಧ ಕೆಲಸ ಮುಗಿಯುತ್ತದೆ, ಅಥವಾ ಅರ್ಧ ಕೆಲಸ ಕೆಡುತ್ತದೆ. "ಚಿಕ್ಕ ಬೆಡ್‌ರೂಮಿನ ಗೋಡೆಯ ಬಣ್ಣ ಸರಿಯಿಲ್ಲ" ಎಂದು ಬರೆದರೆ ಬಣ್ಣದವನು ಬಂದು ಒಂದು ಕೈ ಬಣ್ಣ ಹೊಡೆದು ಹೋಗುತ್ತಾನೆ. ಬಿಲ್ಡರ್ ಕಡತದಲ್ಲಿ ಆ ಸಾಲಿನ ಎದುರು "ಮುಗಿದಿದೆ" ಎಂದು ಬೀಳುತ್ತದೆ. ಆದರೆ ಬಣ್ಣ ಉಬ್ಬಿದ್ದು ಗೋಡೆಯ ಹಿಂದಿನ ಬಾತ್‌ರೂಮಿನಿಂದ ನೀರು ಜಿನುಗಿದ್ದಕ್ಕಾಗಿದ್ದರೆ ಕೆಲವೇ ವಾರಗಳಲ್ಲಿ ಅದೇ ಜಾಗ ಮತ್ತೆ ಉಬ್ಬುತ್ತದೆ. ಆ ವೇಳೆಗೆ ಮನೆಯವರು ವಾರ್ಡ್‌ರೋಬ್ ಮಾಡಿಸಿ ಗೋಡೆಗೆ ಮೊಳೆ ಹೊಡೆಸಿರುತ್ತಾರೆ. ನಿಮ್ಮ ಬಡಗಿಯೇ ಪೈಪಿಗೆ ತೂತು ಹಾಕಿರಬೇಕು ಎಂದು ಬಿಲ್ಡರ್ ಕಡೆಯವರು ಹೇಳಿದರೆ ಅಲ್ಲಗಳೆಯುವುದು ಕಷ್ಟ. ಅದಕ್ಕೇ ತಪಾಸಣೆಯೂ ಪತ್ರವೂ ಒಳಾಂಗಣದ ಕೆಲಸಕ್ಕಿಂತ ಮೊದಲು ಆಗಬೇಕು. ಪತ್ರದಲ್ಲಿ ಕಂಡದ್ದನ್ನು ಬರೆಯಬೇಕು, ಕಾರಣವನ್ನು ಊಹಿಸಿ ಬರೆಯಬಾರದು. ಎಲ್ಲಿ, ಎಷ್ಟು ಅಗಲ, ಎಷ್ಟು ಎತ್ತರ, ಯಾವಾಗ ಕಂಡಿತು, ಏನು ಪರೀಕ್ಷೆ ಮಾಡಿದಾಗ ಏನಾಯಿತು, ಇಷ್ಟು ಸಾಕು. ಕಾರಣ ಕಂಡುಹಿಡಿದು ಬರಹದಲ್ಲಿ ತಿಳಿಸುವ ಹೊಣೆ ಕಟ್ಟಿದವರದು.

ಒಂದು ಉದಾಹರಣೆಯನ್ನು ಮೊದಲಿನಿಂದ ಕೊನೆಯವರೆಗೆ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಬೆಂಗಳೂರಿನ ಹೊರವಲಯದ ಒಂದು ಕಟ್ಟಡದ ಬಿ ಬ್ಲಾಕಿನಲ್ಲಿ ಮೂರನೇ ಮಹಡಿಯ 304ನೇ ನಂಬರಿನ, ಎರಡು ಬೆಡ್‌ರೂಮಿನ ಮನೆ ಎಂದು ಇಟ್ಟುಕೊಳ್ಳಬಹುದು. ಕಟ್ಟಡಕ್ಕೆ 2025ರ ಮೇ 20ರಂದು ಓಸಿ, ಅಂದರೆ ವಾಸಯೋಗ್ಯ ಪತ್ರ ಸಿಕ್ಕಿದೆ. ಓಸಿ ಬಂದ ಎರಡು ತಿಂಗಳೊಳಗೆ ಕೊಂಡವರು ಮನೆಯನ್ನು ವಶಕ್ಕೆ ತೆಗೆದುಕೊಳ್ಳಬೇಕು ಎಂದು ಅದೇ ಕಾಯ್ದೆಯ 19ನೇ ಕಲಮು ಹೇಳುವುದರಿಂದ ಜುಲೈ 20ರವರೆಗೆ ಸಮಯವಿದೆ. ತಪಾಸಣೆಗೆ ಜೂನ್ 13ರ ಶುಕ್ರವಾರ ಮತ್ತು 14ರ ಶನಿವಾರ ಎರಡು ದಿನ ಕೇಳಿ ಪಡೆಯಲಾಗಿದೆ. ಒಂದೇ ದಿನ ಸಾಲದು, ಏಕೆಂದರೆ ಬಾತ್‌ರೂಮಿನ ನೀರು ನಿಲ್ಲಿಸುವ ಪರೀಕ್ಷೆಗೆ ಕನಿಷ್ಠ 24 ಗಂಟೆ ಬೇಕು. ಎರಡನೇ ದಿನ ಬೇಕೆಂಬುದನ್ನೂ ಮೊದಲೇ ಇಮೇಲಿನಲ್ಲೇ ಕೇಳಿ ಒಪ್ಪಿಗೆ ಪಡೆದಿದ್ದರೆ, ಅನುಮತಿಯಿಲ್ಲದೆ ನೀರು ನಿಲ್ಲಿಸಿದರು ಎಂಬ ಮಾತು ಮುಂದೆ ಬರುವುದಿಲ್ಲ.

ಈ ಮನೆಯ ಚಿಕ್ಕ ಬೆಡ್‌ರೂಮಿನಲ್ಲಿ, ಸಾಮಾನ್ಯ ಬಾತ್‌ರೂಮಿಗೆ ಬೆನ್ನು ಮಾಡಿದ ಗೋಡೆಯಲ್ಲಿ, ನೆಲದ ಸ್ಕರ್ಟಿಂಗಿನ ಮೇಲೆ ಒಂದು ಮಬ್ಬು ಕಲೆ ಇತ್ತು. ಟೇಪಿನಲ್ಲಿ ಅಳೆದಾಗ 40 ಸೆಂಟಿಮೀಟರ್ ಅಗಲ, 25 ಸೆಂಟಿಮೀಟರ್ ಎತ್ತರ. ಕೈಯಿಟ್ಟರೆ ತಣ್ಣಗೆ. ಕಲೆಯ ಅಂಚಿನುದ್ದಕ್ಕೂ ಪೆನ್ಸಿಲಿನಿಂದ ಗೆರೆ ಎಳೆದು ಪಕ್ಕದಲ್ಲಿ ದಿನಾಂಕ, ಸಮಯ ಬರೆದು ಫೋಟೋ ತೆಗೆಯಲಾಯಿತು. ಆಮೇಲೆ ಬಾತ್‌ರೂಮಿನ ನೆಲದ ಜಾಲರಿಯ ಬಾಯಿಯನ್ನು ಬಿಗಿಯಾಗಿ ಮುಚ್ಚಿ, ಬಾಗಿಲ ಹೊಸ್ತಿಲಿಗೆ ಗಾರೆಯ ಸಣ್ಣ ಕಟ್ಟೆ ಕಟ್ಟಿ, ಸುಮಾರು 30 ಮಿಲಿಮೀಟರ್ ನೀರು ನಿಲ್ಲಿಸಿ, ನೀರಿನ ಮಟ್ಟವನ್ನು ಗೋಡೆಯ ಟೈಲಿನ ಮೇಲೆ ಗುರುತು ಮಾಡಲಾಯಿತು. ಪಕ್ಕದಲ್ಲೇ ನೇರ ಅಂಚಿನ ಒಂದು ಸ್ಟೀಲ್ ಡಬ್ಬಿಯಲ್ಲಿ ನೀರು ತುಂಬಿ ಅದಕ್ಕೂ ಗುರುತು ಹಾಕಿ ಇಡಲಾಯಿತು.

ಡಬ್ಬಿ ಇಡುವುದು ಸಣ್ಣ ಉಪಾಯ, ಆದರೆ ವಾದ ನಿಲ್ಲಿಸುವ ಉಪಾಯ. ನೆಲದ ನೀರು ಮರುದಿನ ಇಳಿದಿದ್ದರೆ "ಆರಿಹೋಗಿರಬೇಕು" ಎನ್ನುವುದು ಸುಲಭ. ಒಂದೇ ಕೋಣೆಯಲ್ಲಿ, ಒಂದೇ ಗಾಳಿಯಲ್ಲಿ ಇದ್ದ ಡಬ್ಬಿಯ ನೀರು 2 ಮಿಲಿಮೀಟರ್ ಇಳಿದು, ನೆಲದ ನೀರು 11 ಮಿಲಿಮೀಟರ್ ಇಳಿದಿದ್ದರೆ ಉಳಿದ 9 ಮಿಲಿಮೀಟರ್ ಆರಿದ್ದಲ್ಲ, ಎಲ್ಲಿಗೋ ಹೋಗಿದೆ. ಈ ಪರೀಕ್ಷೆಗೂ ಒಂದು ಮಿತಿಯಿದೆ. ಜಾಲರಿಯ ಬಾಯಿಗೆ ಹಾಕಿದ ಬಿರಡೆ ಸಡಿಲವಾಗಿದ್ದರೆ ನೀರು ಕೊಳವೆಗೇ ಹೋಗಿರುತ್ತದೆ, ನೆಲಕ್ಕೆ ದೋಷ ಹೊರಿಸುವಂತಿಲ್ಲ. ಆದ್ದರಿಂದ ನೀರಿನ ಮಟ್ಟವೊಂದನ್ನೇ ನಂಬದೆ ಬೆಡ್‌ರೂಮಿನ ಕಲೆಯನ್ನೂ ನೋಡಬೇಕು. 304ರಲ್ಲಿ ಮರುದಿನ ಬೆಳಿಗ್ಗೆ ಕಲೆ ಪೆನ್ಸಿಲ್ ಗೆರೆಯನ್ನು ದಾಟಿ 6 ಸೆಂಟಿಮೀಟರ್ ಮೇಲಕ್ಕೆ ಏರಿತ್ತು. ನೀರು ನಿಲ್ಲಿಸದೆ ಬರೀ ನಲ್ಲಿ ತಿರುಗಿಸಿದಾಗ ಕಲೆ ಬೆಳೆದಿದ್ದರೆ ಸಂಶಯ ಗೋಡೆಯೊಳಗಿನ ಪೈಪಿನ ಜೋಡಣೆಯ ಕಡೆಗೆ ತಿರುಗುತ್ತಿತ್ತು. ನೀರು ನಿಂತಾಗ ಬೆಳೆದಿರುವುದು ನೆಲ ಮತ್ತು ಗೋಡೆ ಸೇರುವ ಮೂಲೆಯ ಜಲನಿರೋಧಕ ಪದರದ ಕಡೆಗೆ ಬೆರಳು ಮಾಡುತ್ತದೆ. ಪತ್ರದಲ್ಲಿ ಈ ತೀರ್ಮಾನ ಬರೆಯುವ ಅಗತ್ಯವಿಲ್ಲ. ಗೆರೆ, ಅಳತೆ, ಸಮಯ ಇವು ಓದುವ ಎಂಜಿನಿಯರ್‌ಗೆ ತಾವಾಗಿಯೇ ಅದನ್ನು ಹೇಳುತ್ತವೆ.

ಉಳಿದ ದೋಷಗಳು ಇಷ್ಟು ತೊಡಕಿನವಲ್ಲ. ಹಾಲ್‌ನ ನೆಲಹಾಸನ್ನು ಮರದ ತುಂಡಿನಿಂದ ಮೆಲ್ಲಗೆ ತಟ್ಟುತ್ತ ಹೋದಾಗ ನಾಲ್ಕು ಟೈಲುಗಳು ಪೊಳ್ಳಾಗಿ ಸದ್ದು ಮಾಡಿದವು. ಟೈಲಿನ ಅಡಿಗೆಲ್ಲ ಗಾರೆ ಹರಡದೆ ನಾಲ್ಕು ಮೂಲೆಗೆ ಮುದ್ದೆ ಇಟ್ಟು ಕೂರಿಸಿದರೆ, ಅಥವಾ ನೀರು ಹೀರದ ವಿಟ್ರಿಫೈಡ್ ಟೈಲನ್ನು ಅಂಟುಗಾರೆಯಿಲ್ಲದೆ ಬರೀ ಸಿಮೆಂಟ್ ಹಾಲಿನ ಮೇಲೆ ಕೂರಿಸಿದರೆ ಹೀಗಾಗುತ್ತದೆ. ಒಂದು ಮೂಲೆಯಷ್ಟೇ ಪೊಳ್ಳಾದ ಟೈಲು ವರ್ಷಗಟ್ಟಲೆ ನಿಲ್ಲಬಹುದು, ನಡುಮಧ್ಯ ಪೊಳ್ಳಾದದ್ದು ಅಲ್ಮೇರಾದ ಕಾಲು ಬಿದ್ದ ದಿನ ಸೀಳುತ್ತದೆ. ಆದ್ದರಿಂದ ಪೊಳ್ಳು ಎಷ್ಟು ಭಾಗದಲ್ಲಿದೆ ಎಂದು ಸೀಮೆಸುಣ್ಣದಲ್ಲಿ ಗುರುತು ಮಾಡಿಯೇ ಫೋಟೋ ತೆಗೆಯಬೇಕು. ಯುಟಿಲಿಟಿಯ ನೆಲಕ್ಕೆ ಒಂದು ಬಕೆಟ್ ನೀರು ಸುರಿದಾಗ ವಾಟ ಜಾಲರಿಯ ಕಡೆಗಿರದೆ ಅಡುಗೆಮನೆಯ ಬಾಗಿಲ ಕಡೆಗಿತ್ತು. ರಸಮಟ್ಟವೂ ಅದನ್ನೇ ತೋರಿಸಿತು. ಅಡುಗೆಮನೆಯ ಒಂದು ಪ್ಲಗ್ ಪಾಯಿಂಟಿಗೆ ಮೂರು ದೀಪದ ಸಾಕೆಟ್ ಟೆಸ್ಟರ್ ಚುಚ್ಚಿದಾಗ ಅರ್ತಿಂಗ್ ಇಲ್ಲವೆಂದು ತೋರಿತು. ಡಿಬಿ ಪೆಟ್ಟಿಗೆಯಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದ್ದು, ಅದರ ಟೆಸ್ಟ್ ಗುಂಡಿ ಒತ್ತಿದರೆ ಅದು ಸರಿಯಾಗಿ ಬೀಳುತ್ತಿತ್ತು. ಇಲ್ಲಿ ಅನೇಕರು ಮೋಸ ಹೋಗುತ್ತಾರೆ. ಆ ಗುಂಡಿ ಪರೀಕ್ಷಿಸುವುದು ಆರ್‌ಸಿಸಿಬಿಯ ಒಳಗಿನ ಯಂತ್ರವನ್ನು ಮಾತ್ರ. ಗೋಡೆಯ ಪ್ಲಗ್ಗಿಗೆ ಅರ್ತ್ ತಂತಿ ತಲುಪಿದೆಯೇ ಎಂಬುದನ್ನು ಅದು ಹೇಳುವುದಿಲ್ಲ.

ಫೋಟೋ ತೆಗೆಯುವಾಗ ನೆನಪಿಡಬೇಕಾದ ಮಾತು ಒಂದೇ. ಆ ಮನೆಯನ್ನು ಎಂದೂ ನೋಡದವರಿಗೂ ಜಾಗ ಗೊತ್ತಾಗಬೇಕು. ಗೋಡೆಯ ಬಿರುಕನ್ನು ಹತ್ತಿರದಿಂದ ಮಾತ್ರ ತೆಗೆದರೆ ಅದು ಪ್ರಪಂಚದ ಯಾವ ಗೋಡೆಯೂ ಆಗಬಹುದು. ಆದ್ದರಿಂದ ಒಂದೊಂದು ದೋಷಕ್ಕೂ ಎರಡು ಚಿತ್ರ ಬೇಕು. ಮೊದಲನೆಯದರಲ್ಲಿ ಬಾಗಿಲೋ ಕಿಟಕಿಯೋ ಕಾಣುವಂತೆ ಇಡೀ ಗೋಡೆ, ಎರಡನೆಯದರಲ್ಲಿ ದೋಷ ಹತ್ತಿರದಿಂದ, ಪಕ್ಕದಲ್ಲಿ ಅಳತೆಗೆ ಟೇಪು ಅಥವಾ 10 ರೂಪಾಯಿ ನಾಣ್ಯ. ಆ ನಾಣ್ಯದ ಅಗಲ 27 ಮಿಲಿಮೀಟರ್ ಎಂಬುದು ಗೊತ್ತಿರುವ ಸಂಗತಿಯಾದ್ದರಿಂದ ಅದೇ ಅಳತೆಗೋಲಾಗುತ್ತದೆ. ಉಬ್ಬು ತಗ್ಗು, ಗಾರೆಯ ಅಲೆ, ಬಣ್ಣದ ಗುಳ್ಳೆ ಇವು ಎದುರು ಬೆಳಕಿನಲ್ಲಿ ಫೋಟೋದಲ್ಲಿ ಕಾಣುವುದಿಲ್ಲ. ಟಾರ್ಚನ್ನು ಗೋಡೆಗೆ ಒರಗಿಸಿ ಅಡ್ಡ ಬೆಳಕು ಬಿಟ್ಟರೆ ನೆರಳು ಮೂಡಿ ಎದ್ದು ಕಾಣುತ್ತವೆ.

ಫೋಟೋದ ಹೆಸರಿನಲ್ಲೇ ಮನೆ, ಕೋಣೆ, ದೋಷದ ಸಂಖ್ಯೆ ಇದ್ದರೆ ಆರು ತಿಂಗಳ ಮೇಲೂ ಯಾವುದು ಯಾವುದೆಂದು ತಿಳಿಯುತ್ತದೆ. `B304_BED2_07a.jpg` ಎಂಬುದು 304ರ ಎರಡನೇ ಬೆಡ್‌ರೂಮಿನ 7ನೇ ದೋಷದ ಮೊದಲ ಚಿತ್ರ. ಹೆಸರು ಬದಲಿಸುವುದು ನಕಲು ಪ್ರತಿಗೆ ಮಾತ್ರ. ಮೂಲ ಚಿತ್ರ ಫೋನಿನಲ್ಲಿ ಇದ್ದಂತೆಯೇ ಇರಬೇಕು, ಏಕೆಂದರೆ ತೆಗೆದ ದಿನ, ಸಮಯದ ವಿವರ ಅದರೊಳಗೆ ಅಡಗಿರುತ್ತದೆ. ವಾಟ್ಸಾಪಿನಲ್ಲಿ ಸಾಮಾನ್ಯ ಚಿತ್ರವಾಗಿ ಕಳಿಸಿದಾಗ ಚಿತ್ರ ಕುಗ್ಗುತ್ತದೆ, ಒಳಗಿನ ಆ ವಿವರವೂ ಅಳಿಸಿಹೋಗುತ್ತದೆ. ಸೈಟ್ ಎಂಜಿನಿಯರ್ ಜೊತೆ ದಿನನಿತ್ಯದ ಮಾತಿಗೆ ವಾಟ್ಸಾಪ್ ಚೆನ್ನ, ದಾಖಲೆಗೆ ಅಲ್ಲ.

ಇಮೇಲಿಗೆ ತೂಕದ ಮಿತಿಯೂ ಉಂಟು. ಜಿಮೇಲಿನಲ್ಲಿ ಒಂದು ಪತ್ರಕ್ಕೆ 25 ಎಂಬಿಗಿಂತ ಹೆಚ್ಚು ಲಗತ್ತಿಸಲು ಬರುವುದಿಲ್ಲ. ಇಂದಿನ ಫೋನಿನ ಫೋಟೋಗಳು ಆರೇಳಕ್ಕೇ ಅಷ್ಟಾಗಿಬಿಡಬಹುದು. ಇಪ್ಪತ್ತು ದೋಷಕ್ಕೆ ನಲವತ್ತು ಚಿತ್ರವಿದ್ದಾಗ ಎಲ್ಲವನ್ನೂ ದೋಷದ ಸಂಖ್ಯೆಯ ಕ್ರಮದಲ್ಲಿ ಒಂದು ಪಿಡಿಎಫ್‌ಗೆ ಜೋಡಿಸಿ ಲಗತ್ತಿಸುವುದು ಒಳ್ಳೆಯ ದಾರಿ. ಡ್ರೈವ್ ಕೊಂಡಿಯನ್ನಷ್ಟೇ ಕಳಿಸುವುದು ಒಳ್ಳೆಯದಲ್ಲ. ಕೊಂಡಿಯ ಹಿಂದಿನ ಚಿತ್ರಗಳನ್ನು ಯಾವಾಗ ಬೇಕಾದರೂ ಬದಲಾಯಿಸಬಹುದು, ಅಳಿಸಬಹುದು, ತೆರೆಯಲಿಲ್ಲ ಎಂದೂ ಎದುರಿನವರು ಹೇಳಬಹುದು. ನೀರು ಹರಿಯುವ ವಿಡಿಯೋದಂಥ ದೊಡ್ಡ ಕಡತಕ್ಕೆ ಮಾತ್ರ ಕೊಂಡಿ ಇರಲಿ.

ಪತ್ರ ಯಾರಿಗೆ ಹೋಗಬೇಕು ಎಂಬುದನ್ನು ಮಾರಾಟದ ಒಪ್ಪಂದ ನೋಡಿ ತೀರ್ಮಾನಿಸಬೇಕು. ಒಪ್ಪಂದದ ಕೊನೆಯ ಪುಟಗಳಲ್ಲಿ ನೋಟಿಸ್ ಎಂಬ ಕಲಮು ಇರುತ್ತದೆ. ಬಿಲ್ಡರ್‌ಗೆ ಯಾವ ವಿಳಾಸಕ್ಕೆ, ಯಾವ ಇಮೇಲಿಗೆ ತಿಳಿಸಿದರೆ ತಿಳಿಸಿದಂತೆ ಎಂದು ಅಲ್ಲಿ ಬರೆದಿರುತ್ತದೆ. ಆ ವಿಳಾಸ ಮೊದಲು, ನಂತರ ಗ್ರಾಹಕ ವಿಭಾಗದವರು, ಪ್ರತಿಯಲ್ಲಿ ಸೈಟ್ ಎಂಜಿನಿಯರ್. ಎಂಜಿನಿಯರ್‌ಗೆ ಮಾತ್ರ ಕಳಿಸಿ ಕಂಪನಿಗೆ ಕಳಿಸಿದೆವೆಂದು ತಿಳಿಯುವುದು ತುಂಬ ಜನ ಮಾಡುವ ತಪ್ಪು. ನೋಟಿಸು ಅಂಚೆಯಲ್ಲೇ ಬರಬೇಕೆಂದು ಒಪ್ಪಂದ ಹೇಳಿದ್ದರೆ ಅದೇ ಇಮೇಲಿನ ಮುದ್ರಿತ ಪ್ರತಿಯನ್ನು, ತಲುಪಿದ ದಾಖಲೆ ಸಿಗುವಂತೆ ಅಂಚೆಗೂ ಹಾಕಬೇಕು. ದುಬೈಯಲ್ಲೋ ಅಮೆರಿಕದಲ್ಲೋ ಇರುವ ಕನ್ನಡಿಗರ ಪರವಾಗಿ ಅಪ್ಪನೋ ಭಾವನೋ ತಪಾಸಣೆ ಮಾಡಿದಾಗಲೂ ಪತ್ರ ಹೋಗಬೇಕಾದ್ದು ಕೊಂಡವರ ಸ್ವಂತ ಇಮೇಲಿನಿಂದ. ಸ್ಥಳದಲ್ಲಿ ನೋಡಿದವರು ಯಾರು ಎಂಬುದು ಒಳಗೆ ಬರಲಿ.

304ರ ಪತ್ರ ಹೀಗಿರಬಹುದು. ಇಂಗ್ಲಿಷಿನಲ್ಲಿ ಬರೆದರೂ ಸಾಲುಗಳ ಕ್ರಮ ಇದೇ.

> ವಿಷಯ: ಬಿ ಬ್ಲಾಕ್, ಫ್ಲ್ಯಾಟ್ 304 – ಹಸ್ತಾಂತರ ಪೂರ್ವ ತಪಾಸಣೆ (13 ಮತ್ತು 14-06-2025) – 19 ದೋಷಗಳು, ಸರಿಪಡಿಸಲು ದಿನಾಂಕ ಸಹಿತ
>
> ಮಾನ್ಯರೇ,
>
> ಮೇಲಿನ ಫ್ಲ್ಯಾಟನ್ನು ತಮ್ಮ ಸೈಟ್ ಎಂಜಿನಿಯರ್ ಅವರ ಸಮ್ಮುಖದಲ್ಲಿ 13 ಮತ್ತು 14ರಂದು ತಪಾಸಣೆ ಮಾಡಿದ್ದೇವೆ. ಕಂಡ 19 ದೋಷಗಳ ಪಟ್ಟಿ ಮತ್ತು 42 ಚಿತ್ರಗಳ ಪಿಡಿಎಫ್ ಲಗತ್ತಿಸಿದೆ. ಮುಖ್ಯವಾದವು ಇವು:
>
> 3. ಅಡುಗೆಮನೆ, ಸಿಂಕಿನ ಬಲಕ್ಕೆ ಪ್ಲಗ್ ಪಾಯಿಂಟ್. ಟೆಸ್ಟರ್ ಅರ್ತ್ ಇಲ್ಲವೆಂದು ತೋರಿಸಿತು. ಚಿತ್ರ 3a, 3b. ಸರಿಪಡಿಸಲು: 18-06-2025.
>
> 7. ಬೆಡ್‌ರೂಮ್ 2, ಬಾತ್‌ರೂಮ್ ಕಡೆಯ ಗೋಡೆ, ಸ್ಕರ್ಟಿಂಗ್ ಮೇಲೆ. 13ರ ಬೆಳಿಗ್ಗೆ 10ಕ್ಕೆ ತೇವದ ಕಲೆ 40 × 25 ಸೆಂ.ಮೀ. ಬಾತ್‌ರೂಮಿನಲ್ಲಿ 30 ಮಿ.ಮೀ. ನೀರು ನಿಲ್ಲಿಸಿದ 24 ಗಂಟೆಯ ನಂತರ ಕಲೆ 6 ಸೆಂ.ಮೀ. ಮೇಲಕ್ಕೆ ಹರಡಿದೆ. ನಿಂತ ನೀರು 11 ಮಿ.ಮೀ., ಪಕ್ಕದ ಡಬ್ಬಿಯ ನೀರು 2 ಮಿ.ಮೀ. ಇಳಿದಿದೆ. ಚಿತ್ರ 7aಯಿಂದ 7f. ಕಾರಣವನ್ನು ಬರಹದಲ್ಲಿ ತಿಳಿಸಲು: 21-06-2025. ಸೋರಿಕೆ ನಿಲ್ಲಿಸಿ ನಮ್ಮ ಎದುರಿಗೆ 48 ಗಂಟೆ ನೀರು ನಿಲ್ಲಿಸಿ ತೋರಿಸಲು: 02-07-2025. ಗೋಡೆ ಒಣಗಿದ ನಂತರ ಪುಟ್ಟಿ, ಬಣ್ಣ: 16-07-2025. ನೀರಿನ ಪರೀಕ್ಷೆಗೆ ಮೊದಲು ಈ ಗೋಡೆಗೆ ಬಣ್ಣ ಹಚ್ಚಬಾರದೆಂದು ಕೋರಿಕೆ.
>
> 11. ಹಾಲ್, ಬಾಲ್ಕನಿ ಬಾಗಿಲಿನಿಂದ ಎರಡನೇ ಸಾಲು. ನಾಲ್ಕು ಟೈಲು ಪೊಳ್ಳು, ಸೀಮೆಸುಣ್ಣದ ಗುರುತಿದೆ. ಚಿತ್ರ 11a, 11b. ಸರಿಪಡಿಸಲು: 02-07-2025.
>
> ಮರುತಪಾಸಣೆಗೆ 19-07-2025, ಶನಿವಾರ ಬೆಳಿಗ್ಗೆ 10 ಗಂಟೆ ಅನುಕೂಲವೇ ಎಂದು ತಿಳಿಸಿ. ಯಾವುದಾದರೂ ದೋಷವನ್ನು ತಾವು ಒಪ್ಪದಿದ್ದರೆ ಅದರ ಸಂಖ್ಯೆ ಮತ್ತು ಕಾರಣವನ್ನು 21-06-2025ರೊಳಗೆ ಬರೆದು ತಿಳಿಸಬೇಕು. ಈ ಪಟ್ಟಿ ಕಣ್ಣಿಗೆ ಕಂಡದ್ದಕ್ಕೆ ಮಾತ್ರ ಸಂಬಂಧಿಸಿದ್ದು, ಮುಂದೆ ಕಾಣುವ ದೋಷಗಳ ಬಗ್ಗೆ ನಮ್ಮ ಹಕ್ಕು ಹಾಗೆಯೇ ಇರುತ್ತದೆ.

ಪತ್ರದಲ್ಲಿ ಕೋಪದ ಮಾತಿಲ್ಲ, ಬೆದರಿಕೆಯಿಲ್ಲ, ಕಾಯ್ದೆಯ ಕಲಮೂ ಇಲ್ಲ. ಮೊದಲ ಪತ್ರಕ್ಕೆ ಅವು ಬೇಡ. ದೋಷಗಳ ಸಂಖ್ಯೆಯನ್ನು ವಿಷಯದ ಸಾಲಿನಲ್ಲೇ ಹಾಕಿರುವುದರಿಂದ 19 ದೋಷ 16 ಆಗಿ ಇಳಿಯಲು ದಾರಿಯಿಲ್ಲ. ಒಪ್ಪದಿದ್ದರೆ ತಿಳಿಸಿ ಎಂಬ ಸಾಲು ಬಿಲ್ಡರ್‌ಗೂ ನ್ಯಾಯದ ಸಾಲು, ಏಕೆಂದರೆ ಪಟ್ಟಿಯಲ್ಲಿರುವುದೆಲ್ಲ ದೋಷವೇ ಆಗಿರಬೇಕೆಂದಿಲ್ಲ. ಹೊಸ ಗಾರೆ ಒಣಗುವಾಗ ಬೀಳುವ ಕೂದಲೆಳೆಯಂಥ ಬಿರುಕು ಹೊಸ ಮನೆಗಳಲ್ಲಿ ಸಾಮಾನ್ಯ, ಪುಟ್ಟಿಯಿಂದ ಮುಚ್ಚಬಹುದು. ಕಾಂಕ್ರೀಟ್ ಕಂಬ ಮತ್ತು ಇಟ್ಟಿಗೆ ಅಥವಾ ಬ್ಲಾಕ್ ಗೋಡೆ ಕೂಡುವಲ್ಲಿ ನೇರವಾಗಿ ಮೇಲಿಂದ ಕೆಳಗೆ ಬೀಳುವ ಬಿರುಕು ಬೇರೆ ಜಾತಿಯದು. ಅಲ್ಲಿ ಗಾರೆಯ ಅಡಿಗೆ ಜಾಳಿಗೆ ಹಾಕದೆ ಬಿಟ್ಟಿರಬಹುದು, ಪುಟ್ಟಿ ತುಂಬಿದರೆ ಮತ್ತೆ ಬಿಡುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಏರಿ ದಿನದಿನಕ್ಕೆ ಉದ್ದವಾಗುವ ಬಿರುಕಿಗೆ ಸ್ಟ್ರಕ್ಚರಲ್ ಎಂಜಿನಿಯರನ್ನೇ ಕರೆಸಬೇಕು. ಬಿರುಕಿನ ಎರಡು ತುದಿಗೂ ಪೆನ್ಸಿಲ್ ಗೆರೆ ಹಾಕಿ ದಿನಾಂಕ ಬರೆದಿಟ್ಟರೆ ಅದು ಬೆಳೆಯುತ್ತಿದೆಯೇ ನಿಂತಿದೆಯೇ ಎಂಬುದು ಮರುತಪಾಸಣೆಯ ದಿನ ತಾನಾಗಿ ತಿಳಿಯುತ್ತದೆ.

ಗಡುವು ಕೊಡುವುದರಲ್ಲಿ ಜನ ಎಡವುವುದು ಹೆಚ್ಚು. ಎಲ್ಲಕ್ಕೂ ಒಂದೇ ದಿನಾಂಕ ಹಾಕಿ "ಏಳು ದಿನದಲ್ಲಿ ಮುಗಿಸಿ" ಎಂದು ಬರೆಯುವುದು ಗಟ್ಟಿತನದಂತೆ ಕಾಣುತ್ತದೆ, ಕೆಲಸ ಮಾತ್ರ ಅದರಿಂದ ಕೆಡುತ್ತದೆ. ಅರ್ತ್ ಇಲ್ಲದ ಪ್ಲಗ್ಗು ಜೀವಕ್ಕೆ ಅಪಾಯ, ಅದು ಒಬ್ಬ ಎಲೆಕ್ಟ್ರಿಷಿಯನ್‌ನ ಒಂದು ದಿನದ ಕೆಲಸ, ಅದಕ್ಕೆ ನಾಲ್ಕೇ ದಿನ ಸಾಕು. ಬಾತ್‌ರೂಮಿನ ಸೋರಿಕೆ ಹಾಗಲ್ಲ. ಮೂಲೆಯ ಟೈಲು ಕೀಳಬೇಕು, ಹಳೆಯ ಪದರ ಕೆರೆಯಬೇಕು, ಹೊಸ ಪದರ ಎರಡು ಕೈ ಹಚ್ಚಿ ಒಂದೊಂದಕ್ಕೂ ಒಣಗಲು ಬಿಡಬೇಕು, ನೀರು ನಿಲ್ಲಿಸಿ ನೋಡಬೇಕು, ಆಮೇಲೆ ಟೈಲು. ಮೂರು ದಿನದ ಗಡುವು ಕೊಟ್ಟರೆ ಮೇಸ್ತ್ರಿ ಟೈಲಿನ ಸಂದಿಗೆ ಬಿಳಿ ಸಿಮೆಂಟ್ ತುಂಬಿ ಹೋಗುತ್ತಾನೆ. ಆಗ ಸೋರಿಕೆ ನಿಂತಿರುವುದಿಲ್ಲ, ಕೆಲವು ಕಾಲ ಮರೆಯಾಗಿರುತ್ತದೆ ಅಷ್ಟೇ. ಮಳೆಗಾಲದ ಬೆಂಗಳೂರಿನಲ್ಲಿ ಗೋಡೆ ಒಣಗಲು ಎರಡು ವಾರವೂ ಹಿಡಿಯಬಹುದು. ಹಸಿ ಗೋಡೆಗೆ ಹಚ್ಚಿದ ಬಣ್ಣ ನಿಲ್ಲುವುದಿಲ್ಲ. ಅದಕ್ಕೇ 7ನೇ ದೋಷಕ್ಕೆ ಮೂರು ದಿನಾಂಕಗಳು ಬೇಕಾದವು, ಮತ್ತು ಮೊದಲನೆಯದು ಕೆಲಸಕ್ಕಲ್ಲ, ಕಾರಣ ತಿಳಿಸುವುದಕ್ಕೆ. ಕಾರಣ ಬರೆದುಕೊಡಲು ಒಪ್ಪದ ಬಿಲ್ಡರ್ ಸೋರಿಕೆಯನ್ನು ಮೂಲದಲ್ಲಿ ಸರಿಪಡಿಸುವ ಉದ್ದೇಶದಲ್ಲಿಲ್ಲ ಎಂದು ಆ ಮೊದಲ ದಿನಾಂಕದಂದೇ ಗೊತ್ತಾಗುತ್ತದೆ.

ಸಾಮಾನ್ಯವಾಗಿ ಬರುವ ಉತ್ತರ ಒಂದು ಸಾಲಿನದು: "ತಮ್ಮ ಅಂಶಗಳನ್ನು ಗಮನಿಸಿದ್ದೇವೆ, ತಂಡಕ್ಕೆ ತಿಳಿಸಿದ್ದೇವೆ." ಅದಕ್ಕೆ ಸಿಡುಕುವ ಅಗತ್ಯವಿಲ್ಲ. ಪತ್ರ ತಲುಪಿತು ಎಂಬುದಕ್ಕೆ ಅದೇ ಸಾಕ್ಷಿ. ಮುಂದಿನ ಎಲ್ಲ ಮಾತೂ ಅದೇ ಇಮೇಲಿಗೆ ಉತ್ತರವಾಗಿಯೇ ಹೋಗಬೇಕು. ದೋಷದ ಸಂಖ್ಯೆ ಎಂದೂ ಬದಲಾಗಬಾರದು. 7ನೆಯದು ಸರಿಯಾದರೂ ಆ ಸಂಖ್ಯೆ ಖಾಲಿ ಬೀಳಲಿ, ಹೊಸದಾಗಿ ಕಂಡದ್ದಕ್ಕೆ 20 ಎಂದೇ ಹೆಸರಾಗಲಿ. ಬಿಲ್ಡರ್ "ಮುಗಿದಿದೆ" ಎಂದು ಹೇಳುವುದು ಒಂದು, ಕೊಂಡವರು "ಪರೀಕ್ಷಿಸಿದೆ, ಒಪ್ಪಿದೆ" ಎಂದು ಬರೆಯುವುದು ಇನ್ನೊಂದು. ಎರಡನೆಯದು ಬರುವವರೆಗೆ ದೋಷ ತೆರೆದೇ ಇರುತ್ತದೆ. ಒಪ್ಪುವಾಗಲೂ ಅದೇ ಜಾಗದಿಂದ, ಅದೇ ಕೋನದಿಂದ ತೆಗೆದ ಹೊಸ ಚಿತ್ರ ಜೊತೆಗಿರಬೇಕು.

ಹಸ್ತಾಂತರದ ದಿನ ಒಂದು ಕಾಗದಕ್ಕೆ ಸಹಿ ಕೇಳುತ್ತಾರೆ. "ಮನೆಯನ್ನು ಪೂರ್ಣವಾಗಿ ಪರಿಶೀಲಿಸಿ, ತೃಪ್ತಿಯಿಂದ ವಶಕ್ಕೆ ಪಡೆದಿದ್ದೇನೆ, ಯಾವ ದೂರೂ ಇಲ್ಲ" ಎಂಬ ಅರ್ಥದ ಸಾಲು ಅದರಲ್ಲಿ ಇರುತ್ತದೆ. ಒಂದು ತಿಂಗಳ ಇಮೇಲುಗಳ ಬಲವನ್ನು ಕುಗ್ಗಿಸುವ ಸಾಲು ಅದು. 304ರ ಮರುತಪಾಸಣೆಯಲ್ಲಿ ಹಾಲ್‌ನ ಎರಡು ಟೈಲು ಮತ್ತು ಯುಟಿಲಿಟಿಯ ವಾಟ ಇನ್ನೂ ಉಳಿದಿದ್ದರೆ, ಸಹಿಯ ಮೇಲೆ ಕೈಬರಹದಲ್ಲಿ "14-06-2025ರ ಇಮೇಲಿನ 11 ಮತ್ತು 14ನೇ ದೋಷಗಳು ಬಾಕಿ ಇವೆ, ಅವುಗಳಿಗೆ ಒಳಪಟ್ಟು" ಎಂದು ಬರೆದು, ಸಹಿ ಹಾಕಿ, ಆ ಪುಟದ ಫೋಟೋ ತೆಗೆದುಕೊಳ್ಳಬೇಕು. ಇಂಥ ಸಣ್ಣ ಬಾಕಿಗಾಗಿ ಮನೆ ಬಿಟ್ಟು ಕೂರುವುದು ಲಾಭವಲ್ಲ, ಎರಡು ತಿಂಗಳ ಅವಧಿ ಮುಗಿಯುತ್ತದೆ, ನಿರ್ವಹಣಾ ಶುಲ್ಕದ ಜಗಳ ಹುಟ್ಟುತ್ತದೆ. ಸೋರಿಕೆ ನಿಲ್ಲದಿದ್ದರೆ, ಅರ್ತಿಂಗ್ ಸರಿಯಾಗದಿದ್ದರೆ ಮಾತ್ರ ವಶಕ್ಕೆ ಪಡೆಯದೆ, ಏಕೆ ಪಡೆಯಲಿಲ್ಲ ಎಂಬುದನ್ನು ಅದೇ ದಿನ ಬರೆದು ಕಳಿಸುವುದು ಸರಿ. ಓಸಿಯೇ ಬಾರದ ಮನೆಯನ್ನು ವಶಕ್ಕೆ ಪಡೆಯುವ ಮಾತಂತೂ ಬೇಡ.

ವಶಕ್ಕೆ ಪಡೆದ ಮರುದಿನ ಇನ್ನೊಂದು ಚಿಕ್ಕ ಇಮೇಲ್ ಹೋಗಬೇಕು. ಕಾಯ್ದೆಯ ಮಾತು ಹಸ್ತಾಂತರದ ದಿನದಿಂದ ಲೆಕ್ಕ ಹಿಡಿಯುತ್ತದೆ, ಪಟ್ಟಿ ಕಳಿಸಿದ್ದು ಅದಕ್ಕೂ ಮೊದಲು. ಈ ಸಂದಿಯಲ್ಲಿ ವಾದಕ್ಕೆ ಜಾಗ ಉಳಿಯದಂತೆ "11 ಮತ್ತು 14ನೇ ದೋಷಗಳು ಹಸ್ತಾಂತರದ ನಂತರವೂ ಬಾಕಿ ಇವೆ, ರೇರಾ ಕಾಯ್ದೆಯ 14(3)ರಂತೆ ಇವನ್ನು ತಮ್ಮ ಗಮನಕ್ಕೆ ತರುತ್ತಿದ್ದೇವೆ" ಎಂದು ಒಂದೇ ವಾಕ್ಯ ಬರೆದರೆ ಸಾಕು, 30 ದಿನದ ಎಣಿಕೆ ಅಲ್ಲಿಂದ ನಿಸ್ಸಂದೇಹವಾಗಿ ಶುರುವಾಗುತ್ತದೆ. ಆ 30 ದಿನವೂ ಕಳೆದರೆ ಕರ್ನಾಟಕ ರೇರಾ ಪ್ರಾಧಿಕಾರದ ಜಾಲತಾಣದಲ್ಲಿ ಕಾಯ್ದೆಯ 31ನೇ ಕಲಮಿನಡಿ ದೂರು ಕೊಡಬಹುದು. 14ನೇ ಕಲಮಿನಡಿ ಪರಿಹಾರದ ಮೊತ್ತವನ್ನು ತೀರ್ಮಾನಿಸುವುದು 71ನೇ ಕಲಮಿನ ಪ್ರಕಾರ ನ್ಯಾಯನಿರ್ಣಯ ಅಧಿಕಾರಿ. ಅಲ್ಲಿ ಮೊದಲ ಇಮೇಲ್, ಚಿತ್ರಗಳ ಪಿಡಿಎಫ್, ಬಿಲ್ಡರ್ ಉತ್ತರ, ಸಹಿಯ ಪುಟ ಇವೇ ದಾಖಲೆಗಳು. ನ್ಯಾಯಾಲಯದವರೆಗೆ ಹೋದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮು ವಿದ್ಯುನ್ಮಾನ ದಾಖಲೆಯ ಜೊತೆ ಪ್ರಮಾಣಪತ್ರ ಕೇಳುತ್ತದೆ. ಮೂಲ ಫೋಟೋಗಳನ್ನು ಅಳಿಸಬಾರದು ಎನ್ನುವುದು ಇದಕ್ಕೂ ಅನ್ವಯಿಸುತ್ತದೆ.

ಈ ಪತ್ರವ್ಯವಹಾರವನ್ನು ಕಚೇರಿಯ ಇಮೇಲಿನಿಂದ ಮಾಡಬಾರದು. ಕೆಲಸ ಬಿಟ್ಟ ದಿನ ಆ ಪೆಟ್ಟಿಗೆ ಮುಚ್ಚಿಹೋಗುತ್ತದೆ. 304ನ್ನು 2025ರ ಜುಲೈ 19ರಂದು ವಶಕ್ಕೆ ಪಡೆದವರಿಗೆ ಹೊಸ ದೋಷವನ್ನು ಬಿಲ್ಡರ್ ಗಮನಕ್ಕೆ ತರುವ ಹಕ್ಕು 2030ರ ಜುಲೈವರೆಗೆ ಇರುತ್ತದೆ. ಅಲ್ಲಿಯವರೆಗೆ ಇನ್ನೂ ಐದು ಮಳೆಗಾಲ ಬರುತ್ತವೆ, ಅಷ್ಟು ಕಾಲವೂ ಆ ಇಮೇಲ್ ತೆರೆದರೆ ಸಿಗುವಂತಿರಬೇಕು.